ಸೋರುವ ಮಾಡಿಗೊಂದು ನಂಬರು

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ ‘ಇಂದಿರಾಬಾಯಿ’ (1899) ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸು ಇಲಾಖೆಯಲ್ಲಿದ್ದವರು. ಸರಕಾರಿ ಕಚೇರಿಯ ವಿಡಂಬನೆಯೊಂದನ್ನು ಬರೆಯಲು ಕೂತಾಗ ಗುಲ್ವಾಡಿಯವನಾದ ನನಗೆ ಅವರು ನೆನಪಾದರು. ಸರಕಾರದ ಸಂಬಳ ತಿಂದವನಿಗೆ ಗುಮಾಸ್ತನನ್ನು ಬರೀ ಕಳ್ಳ ಎಂದು ಬರೆದು ಮುಗಿಸುವುದು ಸಾಧ್ಯವಾಗುವುದಿಲ್ಲ.

ನನ್ನ ಕಥೆಗೆ ಒಂದೇ ಉತ್ಪ್ರೇಕ್ಷೆ ಸಾಕು ಎಂದುಕೊಂಡೆ: ಈ ಕಚೇರಿಯಲ್ಲಿ ಇನ್‌ವರ್ಡ್ ನಂಬರು ಬೀಳುವ ತನಕ ಯಾವುದೂ ‘ಆಗಿಲ್ಲ’. ಆಷಾಢದ ಮಳೆ, ಹಂಚಿನ ಮಾಡು, ಗುಮಾಸ್ತ ನಾಗಪ್ಪಯ್ಯನ ನೆತ್ತಿಯ ಮೇಲೇ ಸೋರುತ್ತದೆ.

“ಮಾಡು ಸೋರ್ತಿತ್ತಲ್ಲ ಮಾರಾಯ್ರೆ!”

“ಇನ್ನೂ ಇನ್‌ವರ್ಡ್ ಆಯ್ಲಿಲ್ಲೆ.”

ಸೋರಿಕೆಯ ಬಗ್ಗೆ ಅರ್ಜಿ ಬರಬೇಕು. ಆತನೇ ಬರೆದರೆ ಅದು ಮೇಲಿನವರ ಮೂಲಕವೇ ಹೋಗಬೇಕು, ತಿರುಗಿ ಟಪಾಲಿನಲ್ಲಿ ಆತನ ಮೇಜಿಗೇ ಬರಬೇಕು. ಸಾಹೇಬರ ರಜೆ ಮುಗಿಯದೆ ಮೊದಲನೆಯದೇ ಆಗುವುದಿಲ್ಲ.

ಇಲ್ಲಿಯವರೆಗೆ ಕಥೆ ಸಲೀಸಾಗಿ ಓಡಿತು. ಆಮೇಲೆ ಕೈ ತುರಿಸತೊಡಗಿತು. ಸಾಹೇಬರು ಮೂರು ವರ್ಷ ಕುರ್ಚಿಯಲ್ಲೇ ಗೊರಕೆ ಹೊಡೆದರು ಎಂದು ಒಂದು ಪುಟ ಬರೆದೆ. ನಗು ಬರುತ್ತಿತ್ತು, ನಿಜ. ಆದರೆ ಆ ನಗು ಬೇರೆ ಕಚೇರಿಯದು. ಅಲ್ಲಿ ಸೋಮಾರಿತನದ ಆಳ್ವಿಕೆ, ನನ್ನಲ್ಲಿ ನಂಬರಿನದು. ಎರಡೂ ಸೇರಿದರೆ ಓದುಗ ಯಾವುದನ್ನೂ ನಂಬುವುದಿಲ್ಲ. ಪುಟ ಹರಿದೆ. ಜವಾನ ನೆಲ ಒರೆಸುವ ಒಂದು ಸಾಲೂ ಹೋಯಿತು: ಆಗದೇ ಇರುವ ನೀರನ್ನು ಆತ ಯಾರ ಅಪ್ಪಣೆಯ ಮೇಲೆ ಒರೆಸುವುದು?

ನಾಗಪ್ಪಯ್ಯ ಮೇಜನ್ನೇಕೆ ಸರಿಸುವುದಿಲ್ಲ? ಇದಕ್ಕೆ ಉತ್ತರ ಸಿಗದಿದ್ದರೆ ಆತ ಗೊಂಬೆ. ಉತ್ತರ ಹೀಗೆ ಸಿಕ್ಕಿತು: ಹಿಂದಿನ ಗುಮಾಸ್ತ ಆದೇಶವಿಲ್ಲದೆ ಕಪಾಟು ಸರಿಸಿದ್ದ, ಆಡಿಟ್ಟಿನಲ್ಲಿ ಒಂದು ಕಡತ ಕಾಣಲಿಲ್ಲ, ಸಂಬಳದಿಂದ ವಸೂಲಿ ಬಿತ್ತು. ಆ ಹೆದರಿಕೆ ಈತನ ಮೈಯಲ್ಲಿ ಕೂತಿದೆ. ಆದರೂ ಮನೆಯಿಂದ ಪ್ಲಾಸ್ಟಿಕ್ ಹಾಳೆ ತಂದು ರೈತರ ಕಡತಗಳಿಗೆ ಹೊದಿಸುತ್ತಾನೆ, ತಾನು ನೆನೆಯುತ್ತಾನೆ. ಆ ಹಾಳೆಗೂ ನಂಬರಿಲ್ಲವಲ್ಲ, ರಜೆ ಮುಗಿಸಿ ಬಂದ ಸಾಹೇಬರ ಚಪ್ಪಲಿ ಸದ್ದಾದೊಡನೆ ಎಳೆದು ಮೇಜಿನಡಿಗೆ ತುರುಕುತ್ತಾನೆ. ಆತನ ಒಳ್ಳೆಯತನವೂ ಅದೇ ನಿಯಮದಡಿ ಕದ್ದು ನಡೆಯಬೇಕು. ಇದಿಷ್ಟು ಬಂದ ಮೇಲೆ ಆತನನ್ನು ಎಷ್ಟು ಗೇಲಿ ಮಾಡಿದರೂ ನಡೆಯುತ್ತದೆ ಅನ್ನಿಸಿತು.

ತೇಜಸ್ವಿಯವರ ತಬರ ಪಿಂಚಣಿಗಾಗಿ ಅಲೆಯುತ್ತಿರುವಾಗಲೇ ಹೆಂಡತಿ ಸಾಯುತ್ತಾಳೆ. ನನ್ನ ಕಥೆಗೆ ಅಷ್ಟು ಎದೆಗಾರಿಕೆ ಇಲ್ಲ. ಕೊನೆಗೂ ಅರ್ಜಿ ದಾಖಲಾಗಿ, ನವೆಂಬರದ ಬಿಸಿಲಲ್ಲಿ ಸ್ಥಳ ತನಿಖೆಗೆ ಜನ ಬಂದು ಮಾಡು ನೋಡಿ ಹಿಂಬರಹ ಕೊಡುತ್ತಾರೆ: ‘ಸೋರಿಕೆ ಕಂಡುಬಂದಿಲ್ಲ, ಕಡತ ಮುಕ್ತಾಯ. ಮೇಜಿನಡಿ ಸಿಕ್ಕ ಪ್ಲಾಸ್ಟಿಕ್ ಹಾಳೆಯ ಬಗ್ಗೆ ಗುಮಾಸ್ತರು ಸಮಜಾಯಿಷಿ ನೀಡತಕ್ಕದ್ದು.’