ಟ್ಯಾಂಕು ತೊಳೆಯುವ ನೋಟಿಸು

ಬೆಂಗಳೂರಿನ ಮಾರೇನಹಳ್ಳಿಯ ಬಾಡಿಗೆ ಮನೆಗಳಲ್ಲಿ ಮೀಟರ್ ಬೋರ್ಡಿನ ಪಕ್ಕದ ಗೋಡೆಯೇ ನೋಟಿಸ್ ಬೋರ್ಡು. ಅಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಸಾಲು: ‘ನಾಳೆ ಟ್ಯಾಂಕ್ ಕ್ಲೀನಿಂಗ್, ನೀರು ಇರುವುದಿಲ್ಲ.’ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಬಂದದ್ದನ್ನು ಕುಡಿಯಬಹುದೋ ಇಲ್ಲವೋ, ಒಂದೂ ಇಲ್ಲ. ಬಾಡಿಗೆದಾರರು ಹೆದರಿ ರಾತ್ರಿಯೆಲ್ಲ ಡ್ರಮ್ಮು, ಬಕೆಟ್ಟು, ಕುಕ್ಕರಿಗೂ ನೀರು ತುಂಬಿಡುತ್ತಾರೆ. ಬೆಳಗ್ಗೆ ಆ ನೀರಿನಲ್ಲಿ ಅರ್ಧ ಚರಂಡಿಗೆ ಹೋಗುತ್ತದೆ.

ಈ ಊರಿನಲ್ಲಿ ನೀರು ಹಾಗೆ ಚೆಲ್ಲುವ ವಸ್ತುವಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದಾಗ ಅರ್ಕಾವತಿಯ ನೀರು ಸಾಕಾಗುತ್ತದೆ ಎಂದುಕೊಂಡಿದ್ದರು. 1974ರ ಹೊತ್ತಿಗೆ ಕಾವೇರಿಯನ್ನೇ ತರಬೇಕಾಯಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಹರಿದು, ಮೂರು ಕಡೆ ಪಂಪಾಗಿ, ಹತ್ತಿರ ಹತ್ತಿರ 500 ಮೀಟರ್ ಮೇಲೇರಿ ಅದು ನಮ್ಮ ಸಂಪಿಗೆ ಬೀಳುತ್ತದೆ.

ನಮ್ಮ ಬೀದಿಯ ಓನರ್ ಆಂಟಿ ಒಬ್ಬರು ಒಮ್ಮೆ ಅಂಟಿಸಿದ ನೋಟಿಸು ನನಗೆ ಬಹಳ ಹಿಡಿಸಿತು. ನಾಲ್ಕು ಮನೆ, ಆರು ಸಾವಿರ ಲೀಟರಿನ ಸಂಪು, ಮಹಡಿಯ ಮೇಲೆ ಸಾವಿರ ಲೀಟರಿನ ಎರಡು ಸಿಂಟೆಕ್ಸು. ದಿನಕ್ಕೆ ಖರ್ಚು ಸುಮಾರು ಒಂದೂವರೆ ಸಾವಿರ ಲೀಟರು. ಅವರ ರಸ್ತೆಗೆ ಆಗ ದಿನ ಬಿಟ್ಟು ದಿನ ಬೆಳಗಿನ ಜಾವ ಕಾವೇರಿ ನೀರು ಬರುತ್ತಿತ್ತು. ಆಂಟಿ ಮೊದಲು ನೋಡಿದ್ದು ಕ್ಯಾಲೆಂಡರನ್ನಲ್ಲ, ನೀರಿನ ಸರದಿಯನ್ನು. ಮಾರ್ಚ್ 16ರ ಭಾನುವಾರ ನೀರು ಬರುವ ದಿನ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಶುಕ್ರವಾರ ಬರುವ ನೀರಿಗೆ ವಾಲ್ವ್ ಮುಚ್ಚಿದರು. ಬುಧವಾರ ತುಂಬಿದ ಸಂಪು ಶುಕ್ರವಾರ ರಾತ್ರಿಗೆ ತಳ ಮುಟ್ಟಿತು. ಉಳಿದದ್ದನ್ನು ಮೇಲಿನ ಟ್ಯಾಂಕುಗಳಿಗೆ ಏರಿಸಿದರು. ಶನಿವಾರ ಮನೆಯವರೆಲ್ಲ ಮೇಲಿನ ನೀರು ಬಳಸುತ್ತಿರುವಾಗ ಕೆಳಗೆ ಸಂಪು ತೊಳೆದು ಮುಗಿಯಿತು. ನಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಸಂಪು, ಮೇಲಿನ ಟ್ಯಾಂಕು ಎರಡನ್ನೂ ಒಂದೇ ದಿನ ತೊಳೆಯಹೊರಡುವವರಿಗೆ ಈ ಅನುಕೂಲ ಸಿಗುವುದಿಲ್ಲ.

ಸಂಪಿನ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಚ್ಚಳ ತೆಗೆದ ಕೂಡಲೇ ಆಳನ್ನು ಇಳಿಸಬಾರದು. ಮುಚ್ಚಿದ ಗುಂಡಿಯಲ್ಲಿ ಉಸಿರಾಡುವ ಗಾಳಿ ಕಡಿಮೆಯಿರಬಹುದು. ಚೆನ್ನಾಗಿ ಗಾಳಿಯಾಡಲು ಬಿಟ್ಟು, ಮೋಟಾರಿನ ಮೇನ್ ಸ್ವಿಚ್ ಆರಿಸಿ, ಮೇಲೊಬ್ಬರು ನಿಂತಿರುವಾಗಲೇ ಇನ್ನೊಬ್ಬರು ಇಳಿಯಬೇಕು. ಕಲೆ ಹೋಗಲೆಂದು ಆಸಿಡ್ ಹಾಕಿ, ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸುವವರಿದ್ದಾರೆ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಆ ಇಕ್ಕಟ್ಟಿನಲ್ಲಿ ಅದು ಪ್ರಾಣ ತೆಗೆಯಬಲ್ಲದು.

ಭಾನುವಾರ ಬೆಳಗಿನ ಜಾವ ತೊಳೆದ ಸಂಪಿಗೆ ಹೊಸ ನೀರು ಬಿತ್ತು. ಇನ್ನು ಮೇಲಿನ ಟ್ಯಾಂಕುಗಳ ಸರದಿ. ನೋಟಿಸಿನ ಮುಖ್ಯ ಭಾಗ ಇಲ್ಲಿಂದಲೇ ಶುರು. ‘8ರಿಂದ 11ರವರೆಗೆ ನೀರಿಲ್ಲ. 11ರಿಂದ ಸಂಜೆ 4ರವರೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಆದರೆ ಕುಡಿಯಬೇಡಿ, ಸ್ನಾನ ಮಾಡಬೇಡಿ, ಕಕ್ಕಸಿಗೆ ಮಾತ್ರ ಬಳಸಿ. 6ರ ನಂತರ ಎಂದಿನಂತೆ.’ ನಡುವಿನ ಆ ಐದು ಗಂಟೆಯನ್ನು ಬರೆಯುವವರು ತೀರಾ ಅಪರೂಪ. ಟ್ಯಾಂಕಿನ ಗೋಡೆ ಉಜ್ಜಿದರೆ ಪಾಚಿ ಹೋಗುತ್ತದೆ, ಪೈಪಿನೊಳಗಿನ ಲೋಳೆ ಹೋಗುವುದಿಲ್ಲ. ಅದಕ್ಕೆ ತೊಳೆದ ಟ್ಯಾಂಕಿಗೆ ಮತ್ತೆ ನೀರು ತುಂಬಿ, ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನಷ್ಟೇ ಸುರಿಯಬೇಕು. ಪ್ರತಿ ಮನೆಯ ಪ್ರತಿ ನಲ್ಲಿಯನ್ನೂ ಘಾಟು ಬರುವವರೆಗೆ ಬಿಟ್ಟು ನಿಲ್ಲಿಸಬೇಕು. ನಾಲ್ಕು ಗಂಟೆಯಾದರೂ ಪೈಪಿನಲ್ಲಿ ಆ ನೀರು ನಿಂತಿರಬೇಕು. ಘಾಟೇ ಬರದಿದ್ದರೆ ಪೌಡರು ಹಳೆಯದು, ಸತ್ವ ಹಾರಿಹೋಗಿದೆ ಎಂದು ತಿಳಿಯಬೇಕು. ಆಮೇಲೆ, 4ರಿಂದ 6ರೊಳಗೆ, ಎಲ್ಲ ಖಾಲಿ ಮಾಡಿ ಹೊಸ ನೀರು ಏರಿಸುವುದು. ನೋಟಿಸಿಲ್ಲದೆ ಇದನ್ನು ಮಾಡಿದರೆ ಯಾರದೋ ಮನೆಯ ಮಗುವಿನ ಲೋಟಕ್ಕೆ ಆ ಘಾಟು ನೀರು ಬೀಳುತ್ತದೆ.

ಕೊನೆಗೆ ಇನ್ನೆರಡು ಸಾಲು ಇದ್ದವು. ಗೀಸರ್ ಸ್ವಿಚ್ ಆರಿಸಿ, ನೀರಿಲ್ಲದೆ ಉರಿದರೆ ಕಾಯಿಲ್ ಹೋಗುತ್ತದೆ. ಹೊರಗೆ ಹೋಗುವವರು ನಲ್ಲಿಗಳನ್ನು ತಿರುಗಿಸಿ ನೋಡಿ ಮುಚ್ಚಿ. ಬಾರದ ನಲ್ಲಿಯನ್ನು ತೆರೆದಿಟ್ಟು ಹೋಗಿ, ಸಂಜೆ ಮನೆಯೆಲ್ಲ ನೀರಾಗಿದ್ದನ್ನು ಈ ಬೀದಿ ಕಂಡಿದೆ.

ಆ ಭಾನುವಾರವೂ ಒಂದು ತೊಡಕಾಯಿತು. ಮೋಟಾರು ಓಡಿತು, ನೀರು ಏರಲಿಲ್ಲ. ಸಂಪು ಬರಿದಾದಾಗ ಫುಟ್‌ವಾಲ್ವಿನ ಮೂಲಕ ಗಾಳಿ ಹೊಕ್ಕಿತ್ತು. ಪ್ಲಂಬರು ಮೋಟಾರಿನ ತಲೆಯ ತಿರುಪು ಬಿಚ್ಚಿ ನೀರು ಹೊಯ್ದು ಗಾಳಿ ತೆಗೆದ. ಹೊತ್ತು ಹೆಚ್ಚು ಹಿಡಿದದ್ದರಿಂದ ಆಂಟಿ ನೋಟಿಸಿನ 11ನ್ನು ಹೊಡೆದುಹಾಕಿ 12 ಎಂದು, 4ನ್ನು 5 ಎಂದು, 6ನ್ನು 7 ಎಂದು ತಿದ್ದಿ, ನಾಲ್ಕೂ ಮನೆಯ ಬಾಗಿಲು ತಟ್ಟಿ ಹೇಳಿ ಬಂದರು.

ಮನೆ ಬಾಡಿಗೆಗೆ ಕೊಟ್ಟಿರುವವರೇ, ಮುಂದಿನ ಸಲ ಅಂಟಿಸುವ ಚೀಟಿಯಲ್ಲಿ ನೀರು ನಿಲ್ಲುವ ಹೊತ್ತು, ಬಂದರೂ ಮುಟ್ಟಬಾರದ ಹೊತ್ತು, ಕುಡಿಯಬಹುದಾದ ಹೊತ್ತು, ಈ ಮೂರನ್ನೂ ಬರೆಯಿರಿ. ಎರಡು ದಿನ ಮೊದಲೇ ಅಂಟಿಸಿ.