ಬೋಳು ಗುಡ್ಡದ ಅಭ್ಯಂಗ

ಮೋಡ ಕಟ್ಟಿತೆಂದರೆ ಬೇಂದ್ರೆಯವರ ಶ್ರಾವಣದ ಪದ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಆದೋನಿಯ ಕೋಟೆಗುಡ್ಡ ಕಾಣುವ ಕಡೆ ಹೋಗಿ ಕೂರುವುದು ನನಗೆ ಹಳೆಯ ರೂಢಿ. ಪದ್ಯ ಬಾಯಿಪಾಠ, ಹಾಗಾಗಿ ಪುಸ್ತಕ ಬೇಕಾಗುವುದಿಲ್ಲ. ಗುಡ್ಡ ಮಾತ್ರ ಬೇಕು. ಕವಿ ಹೇಳಿದ್ದು ನನ್ನ ಕಣ್ಣೆದುರಿನ ನೆಲಕ್ಕೆ ಒಪ್ಪುತ್ತದೆಯೇ, ಒಪ್ಪಿದರೆ ಎಲ್ಲಿ, ಒಪ್ಪದಿದ್ದರೆ ಏಕೆ ಎಂದು ಸಾಲುಸಾಲಾಗಿ ನೋಡುವುದರಲ್ಲಿ ನನಗೆ ಸಿಗುವ ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ನಮ್ಮ ಸೀಮೆಯವರಿಗೆ ಹೀಗೆ ನೋಡಲು ಒಂದು ಕಾರಣವೂ ಇದೆ. ನವೋದಯ ಕಾವ್ಯ ಓದಿ ಬೆಳೆದವರ ಕಣ್ಣಲ್ಲಿ ‘ಪ್ರಕೃತಿ’ ಎಂದರೆ ಕಾಡು, ಕಣಿವೆ, ಝರಿ. ಕುವೆಂಪು ಅವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರು. ಅದೇ ಸಹ್ಯಾದ್ರಿಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಘಟ್ಟದ ಮಳೆನೆರಳಿನಲ್ಲಿರುವ ನಮಗೆ ಅದರ ಹತ್ತನೆಯ ಒಂದು ಪಾಲೂ ಸಿಗುವುದಿಲ್ಲ. ಪಕ್ಕದ ತೆಲುಗಿನ ಭಾವಕವಿತ್ವಕ್ಕೆ ಹೋದರೂ ಅಷ್ಟೇ. ದೇವುಲಪಲ್ಲಿ ಕೃಷ್ಣಶಾಸ್ತ್ರಿಗಳದು ನೀರು ತುಂಬಿದ ಗೋದಾವರಿ ಸೀಮೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದ ಆದೋನಿ, ಆಲೂರು ತಾಲ್ಲೂಕುಗಳ ಕನ್ನಡಿಗರು ಯಾವ ಭಾಷೆಯಲ್ಲಿ ಓದಿದರೂ ಹಸಿರು ಬೇರೆಯವರ ಊರಿನದೇ. ನಮ್ಮದು ಎರೆಹೊಲ, ಹತ್ತಿ, ಜೋಳ, ಅಲ್ಲಲ್ಲಿ ಬೋಳು ಬಂಡೆಗುಡ್ಡ.

ಈ ಬೋಳು ಗುಡ್ಡದ ಮುಂದೆ ಬೇಂದ್ರೆಯವರ ಪದ್ಯ ಎದ್ದು ನಿಲ್ಲುತ್ತದೆ. ಅದರಲ್ಲಿ ಒಂದೊಂದು ಗುಡ್ಡವೂ ಸ್ಥಾವರಲಿಂಗ, ಸುತ್ತ ಕೂಡಿದ ಮೋಡಗಳು ಅದಕ್ಕೆ ಅಭ್ಯಂಗ ಎರೆಯುತ್ತವೆ. ಮಲೆನಾಡಿನ ಗುಡ್ಡ ಮರಗಳನ್ನು ಹೊದ್ದಿರುತ್ತದೆ, ಅಲ್ಲಿ ಲಿಂಗದ ಆಕಾರ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ಗುಡ್ಡವೆಂದರೆ ಬರೀ ಕಲ್ಲು, ದುಂಡಗೆ, ಮೈಮೇಲೆ ಏನೂ ಇಲ್ಲದೆ ಕುಳಿತಿರುತ್ತದೆ. ಮಳೆ ಶುರುವಾದಾಗ ಹತ್ತಿರ ನಿಂತು ನೋಡಬೇಕು. ಮೊದಲ ಹನಿಗಳು ಬಂಡೆಯ ಮೇಲೆ ರೂಪಾಯಿಯಗಲದ ಕಪ್ಪು ಚುಕ್ಕೆ ಇಡುತ್ತವೆ. ಕಾದ ಕಲ್ಲು ಅವನ್ನು ಅಲ್ಲೇ ಆರಿಸಿಬಿಡುತ್ತದೆ. ಮಳೆ ಹಿಡಿದು ಹೊಡೆಯತೊಡಗಿದ ಮೇಲೆ ಚುಕ್ಕೆಗಳು ಕೂಡಿ ಇಡೀ ಬಂಡೆ ಕಪ್ಪಾಗುತ್ತದೆ. ಆಮೇಲೆ ನೆತ್ತಿಯಿಂದ ನೀರಿನ ಗೆರೆಗಳು ಇಳಿಯುತ್ತವೆ, ಬೂದುಬಣ್ಣದ ಕಲ್ಲಿಗೆ ಎಣ್ಣೆ ಹಚ್ಚಿದ ಹೊಳಪು ಬರುತ್ತದೆ. ಕವಿ ಸ್ನಾನ ಎನ್ನದೆ ಅಭ್ಯಂಗ ಎಂದದ್ದು ಈ ಹೊಳಪಿಗೇ ಎಂದು ನಾನು ನಂಬಿದ್ದೇನೆ.

ಆ ಪದ್ಯದಲ್ಲಿ ಭಾವ ಎಲ್ಲಿದೆ ಎಂದು ಹುಡುಕಿ ನೋಡಿ. ನನಗೆ ಸಂತೋಷವಾಯಿತು ಎಂದು ಕವಿ ಹೇಳಿಕೊಳ್ಳಲು ಬರುವುದಿಲ್ಲ. ಬೆಟ್ಟ ಹಸಿರು ಕುಪ್ಪಸ ತೊಡುತ್ತದೆ, ಬನಗಳು ಬಾಸಿಂಗ ಕಟ್ಟಿಕೊಂಡ ಮದುಮಕ್ಕಳಂತೆ ಹಿಗ್ಗಿ ನಿಲ್ಲುತ್ತವೆ, ಹೊಲ ಹಸಿರುಟ್ಟ ಬಸುರಿಯಾಗುತ್ತದೆ. ತೊಡುವುದು, ಕಟ್ಟಿಕೊಳ್ಳುವುದು, ಉಡುವುದು, ಎರೆಯುವುದು, ಎಲ್ಲವೂ ಮನೆಯ ಶುಭಕಾರ್ಯದ ಕ್ರಿಯಾಪದಗಳು. ಸಡಗರ ಆ ಕ್ರಿಯಾಪದಗಳಲ್ಲಿದೆ. ಒಂದು ಪದ್ಯದಲ್ಲಿ ನಿಸರ್ಗ ಭಾವವಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಮೊದಲು ನೋಡುವುದು ಇದನ್ನೇ. ವಿಶೇಷಣಗಳನ್ನು ಪಕ್ಕಕ್ಕಿಟ್ಟು ಕ್ರಿಯಾಪದಗಳನ್ನಷ್ಟೇ ಓದುತ್ತೇನೆ. ನೊಂದ ಸಂಜೆ, ವಿಷಣ್ಣ ಮೋಡ, ಪುಳಕಿತ ಎಲೆ ಎಂದು ಗುಣವಾಚಕಗಳನ್ನೇ ಅಂಟಿಸುತ್ತ ಹೋದ ಪದ್ಯದಲ್ಲಿ ಅವನ್ನು ತೆಗೆದರೆ ಸಂಜೆಯೂ ಉಳಿಯುವುದಿಲ್ಲ, ನೋವೂ ಉಳಿಯುವುದಿಲ್ಲ. ತನ್ನ ದುಃಖವನ್ನು ಜಡವಸ್ತುವಿನ ಮೇಲೆ ಹೊರಿಸುವ ಈ ಚಾಳಿಯನ್ನು ಇಂಗ್ಲೆಂಡಿನ ರಸ್ಕಿನ್ 1856ರಲ್ಲೇ ತಪ್ಪೆಂದು ಹಿಡಿದು ತೋರಿಸಿದ್ದ.

ಬಸುರಿ ನೆಲದ ಮಾತು ಇನ್ನೂ ಆಳದ್ದು. ಕನ್ನಡದ ರಮ್ಯಕಾವ್ಯವನ್ನು ಬಿ.ಎಂ.ಶ್ರೀ ಅವರ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಎಣಿಸುವವರು ನಿಸರ್ಗಕ್ಕೆ ಜೀವ ತುಂಬುವ ಬಗೆ ವರ್ಡ್ಸ್‌ವರ್ತ್, ಶೆಲ್ಲಿ ಅವರಿಂದ ಬಂತು ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ, ಆದರೆ ಅರ್ಧವೇ. ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಸೀಗಿ ಹುಣ್ಣಿಮೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೈರಿನ ನಡುವೆ ಚರಗ ಚೆಲ್ಲುತ್ತಾರೆ. ಭೂತಾಯಿ ಆಗ ತುಂಬು ಬಸುರಿ, ಅವಳ ಬಯಕೆ ತೀರಿಸಬೇಕು. ಧಾರವಾಡದ ಕವಿಗೆ ಈ ರೂಪಕ ಕಟ್ಟಲು ಕಷ್ಟಪಡಬೇಕಾಗಿರಲಿಲ್ಲ, ಸುತ್ತಲಿನ ಜನ ಅದನ್ನು ವರ್ಷವರ್ಷವೂ ಹೊಲದಲ್ಲಿ ಮಾಡಿ ತೋರಿಸುತ್ತಿದ್ದರು. ನಮ್ಮ ಕಡೆಯೂ ಬೇಸಿಗೆಯಲ್ಲಿ ಎರೆನೆಲ ಕೈ ತೂರುವಷ್ಟು ಬಿರುಕು ಬಿಟ್ಟಾಗ ನೆರೆಯ ಅಜ್ಜಿಯೊಬ್ಬರು, “ತಾಯಿ ಬಾಯಿ ಬಿಟ್ಟಾಳಪ್ಪ, ನೀರಿಗೆ” ಎನ್ನುತ್ತಿದ್ದರು. ಆಕೆ ಯಾವ ಕವಿಯನ್ನೂ ಓದಿದವರಲ್ಲ.

ನಿಸರ್ಗವೇ ಭಾವವಾಗುವ ಈ ಬಗೆಯ ಬೇರು ಹಳಗನ್ನಡದಲ್ಲೂ ಸಿಗುತ್ತದೆ. ಮಹಾಕಾವ್ಯ ಬರೆಯುವವರು ಹದಿನೆಂಟು ವರ್ಣನೆ ತರಬೇಕಿತ್ತು. ಕಡಲು, ಬೆಟ್ಟ, ಋತು, ಸೂರ್ಯೋದಯ, ಚಂದ್ರೋದಯ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಎಷ್ಟೋ ಕವಿಗಳು ಕಡಲು ಕಾಣದೆಯೇ ಕಡಲು ಬರೆದರು. ಆದರೆ 941ರ ಪಂಪ ಬನವಾಸಿಯನ್ನು ನೆನೆಯುವ ಕಡೆ ಪಟ್ಟಿ ಮರೆತುಹೋಗುತ್ತದೆ. ಅಲ್ಲಿ ನಾಡು ಬೇರೆಯಲ್ಲ, ಹಂಬಲ ಬೇರೆಯಲ್ಲ.

ಕುವೆಂಪು ಅವರ ‘ದೇವರು ರುಜು ಮಾಡಿದನು’ ನಮ್ಮ ಸೀಮೆಯಲ್ಲಿ ಬೇರೆ ಪಾಠ ಕಲಿಸುತ್ತದೆ. ವಿಸ್ತಾರ ಆಕಾಶ, ಬೆಟ್ಟ, ಬನ, ತುಂಗೆಯ ನೀರು. ಕವಿ ಇಷ್ಟನ್ನು ಮೊದಲು ಹರಡುತ್ತಾರೆ. ಚಿತ್ರ ಪೂರ್ತಿಯಾದ ಮೇಲೆ ಬೆಳ್ಳಕ್ಕಿಗಳ ಸಾಲು ಹಾರುತ್ತದೆ, ಅದು ಸೃಷ್ಟಿಯ ಕೆಳಗೆ ದೇವರು ಹಾಕಿದ ಸಹಿಯಾಗುತ್ತದೆ. ಅದೇ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ನಮ್ಮ ಮಂತ್ರಾಲಯಕ್ಕೆ ಬರುತ್ತಾಳೆ. ಬೆಳ್ಳಕ್ಕಿಗಳೂ ಇವೆ, ಕಾಲುವೆ ಕೆಳಗಿನ ಗದ್ದೆಯಲ್ಲಿ ಉಳುವವರ ಹಿಂದೆಯೇ ನಡೆಯುತ್ತವೆ. ಆದರೂ ನದಿಯ ದಡದಲ್ಲಿ ನಿಂತು ನೋಡಿದಾಗಲೆಲ್ಲ ಆ ಸಾಲು ನನಗೆ ರುಜುವಾಗಿ ಕಂಡದ್ದಿಲ್ಲ. ಕಾರಣ ಹೊಳೆಯಲು ತಡವಾಯಿತು. ರುಜುವಿಗೆ ಕಾಗದ ಬೇಕು, ಕಾಗದಕ್ಕೆ ಅಂಚು ಬೇಕು. ಮಲೆನಾಡಿನಲ್ಲಿ ಆ ಅಂಚನ್ನು ಬೆಟ್ಟವೂ ಕಾಡೂ ಕಟ್ಟಿಕೊಡುತ್ತವೆ, ಅವುಗಳ ಕಪ್ಪು ಹಸಿರಿನ ಮೇಲೆ ಬಿಳಿ ಸಾಲು ಎದ್ದು ಕಾಣುತ್ತದೆ. ನಮ್ಮ ಬಯಲಿನ ಆಕಾಶಕ್ಕೆ ಅಂಚಿಲ್ಲ, ಬಿಸಿಲಿಗೆ ಬೆಳ್ಳಗಾದ ಬಾನಿನಲ್ಲಿ ಬಿಳಿ ಹಕ್ಕಿ ಕರಗಿಹೋಗುತ್ತದೆ. ಇದರಿಂದ ಪದ್ಯಕ್ಕೆ ಕುಂದೇನೂ ಇಲ್ಲ. ಆ ಬೆರಗು ಹುಟ್ಟಿದ್ದು ಆ ಜಾಗದಲ್ಲಿ, ಆ ಬೆಳಕಿನಲ್ಲಿ ಎಂಬುದು ಇಲ್ಲಿ ನಿಂತಾಗಲೇ ನನಗೆ ಖಚಿತವಾದದ್ದು.

ಹಾಗಾಗಿಯೇ ನಮ್ಮ ಸೀಮೆಯ ಎಳೆಯ ಕವಿಗಳು ಸಂಪಿಗೆ, ಝರಿ, ಮಂಜು ಎಂದು ಬರೆದು ತಂದಾಗ ಮನಸ್ಸಿಗೆ ಬೇಸರವಾಗುತ್ತದೆ. ಮಳೆ ಬಿದ್ದ ಮೇಲೆ ಆಲೂರಿನ ದಾರಿಯ ಬದಿಯಲ್ಲಿ ತಂಗಡಿ ಹೂವು ಅರಿಶಿನದ ಹಾಗೆ ಒಡೆದು ನಿಂತಿರುತ್ತದೆ. ಅದು ಇನ್ನೂ ಪದ್ಯಕ್ಕೆ ಕಾಯುತ್ತಿದೆ. ಬರೆಯುವವರಿದ್ದರೆ ಅಲ್ಲಿಂದ ಶುರುಮಾಡಿ. ಓದುವವರಾದರೆ ಬೇಂದ್ರೆಯವರ ಶ್ರಾವಣಕ್ಕಾಗಿ ಆಗುಂಬೆಯ ಬಸ್ಸು ಹತ್ತಬೇಡಿ. ಆದೋನಿಗೋ ಬಳ್ಳಾರಿಗೋ ಬಂದು, ಮಳೆ ಹಿಡಿದ ಒಂದು ಬೋಳು ಗುಡ್ಡದ ಎದುರು ನಿಂತು ಗಟ್ಟಿಯಾಗಿ ಓದಿ.