ಟವೆಲ್ ಹಾಕಿದ ಸೀಟುಗಳು

ಸರ್ಫೇಸ್ ಕೆಮಿಸ್ಟ್ರಿಯಲ್ಲಿ ಹತ್ತು ಮಾರ್ಕಿಗೆ ಬರೋ ಪ್ರಶ್ನೆ ಒಂದಿದೆ. ಲ್ಯಾಂಗ್‌ಮ್ಯೂರ್ ಐಸೊಥರ್ಮ್ ವಿವರಿಸಿ, ಲೋಹದ ಮೇಲ್ಮೈಯಲ್ಲಿ ಕೆಟಲಿಸಿಸ್ ನಡೆಯುವ ಹಂತಗಳನ್ನು ಬರೆಯಿರಿ ಅಂತ. ಹೆಚ್ಚಿನ ಮಕ್ಕಳು ಇದನ್ನ ಎರಡು ಬೇರೆ ಬೇರೆ ಪ್ರಶ್ನೆ ಅಂದುಕೊಂಡು ಮೊದಲ ಪುಟದಲ್ಲಿ ಒಂದು ಗ್ರಾಫು, ಎರಡನೇ ಪುಟದಲ್ಲಿ ಐದು ಪಾಯಿಂಟು ಬರೆದು ಮುಗಿಸ್ತಾರೆ. ಗ್ರಾಫಿಗೂ ಪಾಯಿಂಟುಗಳಿಗೂ ನಡುವೆ ಒಂದು ವಾಕ್ಯದ ಸಂಬಂಧವೂ ಇರೋದಿಲ್ಲ.

ನನ್ನ ಅಕ್ಕನ ಮಗಳೂ ಹಾಗೇ ಬರೆದಿದ್ದಳು. ಪಿಯುಸಿವರೆಗೆ ಕನ್ನಡ ಮೀಡಿಯಂ, ಈಗ ತಾಲೂಕಿನ ಕಾಲೇಜಲ್ಲಿ ಇಂಗ್ಲಿಷಿನಲ್ಲಿ ಬಿ.ಎಸ್ಸಿ. ಇಂಟರ್ನಲ್ಸಿನಲ್ಲಿ ಹತ್ತಕ್ಕೆ ನಾಲ್ಕು ಬಂತು. ಸೆಮಿಸ್ಟರ್ ಪರೀಕ್ಷೆಗೆ ಹನ್ನೊಂದು ದಿನ ಇತ್ತು. ಕೆಮಿಸ್ಟ್ರಿ ಹೋದರೆ ಓದು ಸಾಕು ಅಂತ ಭಾವ ಮನೆಯಲ್ಲಿ ಹೇಳಿಯಾಗಿತ್ತು. ಭಾವ ಹೇಳಿದ ಮೇಲೆ ಅಕ್ಕ ಎದುರು ಮಾತಾಡೋಳಲ್ಲ. ನಾನು ಬಿ.ಇ. ಮೊದಲ ವರ್ಷ ದಾಟಿದ ಮೇಲೆ ಕೆಮಿಸ್ಟ್ರಿ ಪುಸ್ತಕ ಮುಟ್ಟಿದವನಲ್ಲ, ಹೊಟ್ಟೆಪಾಡಿಗೆ ಕೋಡ್ ಬರೀತೀನಿ. ಆದರೂ ಅವಳ ನೋಟ್ಸಿನ ಫೋಟೋ ತರಿಸಿಕೊಂಡು, ರಾತ್ರಿ ಕೂತು ಓದಿ, ಫೋನಿನಲ್ಲಿ ಶುರುಮಾಡಿದೆ.

"ಪುಟ್ಟಿ, ಊರಿಗೆ ಬರೋ ಬೆಳಗಿನ ಬಸ್ಸು ನೆನಪಿಸ್ಕೋ" ಅಂದೆ. ಪ್ಲಾಟಿನಂ ತುಂಡಿನ ಮೇಲ್ಮೈ ಅಂದರೆ ಆ ಬಸ್ಸು. ಮೇಲಿನ ಸಾಲಿನ ಪ್ಲಾಟಿನಂ ಪರಮಾಣುಗಳಿಗೆ ಹೊರಗಡೆ ಯಾರೂ ಜೊತೆ ಇಲ್ಲ, ಹಾಗಾಗಿ ಕೈ ಚಾಚಿಕೊಂಡಿರ್ತವೆ. ಬಂದು ಬಡಿದ ಅನಿಲದ ಅಣು ಅಲ್ಲಿ ಕೂತುಬಿಡುತ್ತೆ. ಇದೇ ಅಡ್ಸಾರ್ಪ್ಷನ್. ಸ್ಪಂಜು ನೀರು ಕುಡಿದ ಹಾಗೆ ಒಳಗೆ ಹೋಗೋದಲ್ಲ, ಮೇಲೆ ಕೂರೋದು. ಲ್ಯಾಂಗ್‌ಮ್ಯೂರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಬಲ್ಬಿನ ಟಂಗ್‌ಸ್ಟನ್ ತಂತಿಯ ಮೇಲೆ ಕೆಲಸ ಮಾಡ್ತಿದ್ದವರು. ಬಿಸಿ ತಂತಿಯ ಮೇಲೆ ಅನಿಲಗಳು ಏನು ಮಾಡ್ತವೆ ಅಂತ ನೋಡ್ತಾ ನೋಡ್ತಾ ಈ ಲೆಕ್ಕಕ್ಕೆ ಬಂದರು. 1932ರಲ್ಲಿ ಮೇಲ್ಮೈ ರಸಾಯನಶಾಸ್ತ್ರಕ್ಕೇ ಅವರಿಗೆ ನೊಬೆಲ್ ಬಂತು.

ಅವರು ಹಾಕಿದ ಷರತ್ತುಗಳು ಬಸ್ಸಿನ ಭಾಷೆಯಲ್ಲಿ ಹೀಗೆ. ಒಂದು ಸೀಟಿಗೆ ಒಬ್ಬರೇ, ತೊಡೆ ಮೇಲೆ ಕೂರೋ ಹಾಗಿಲ್ಲ. ಎಲ್ಲಾ ಸೀಟೂ ಒಂದೇ ಥರ, ಕಿಟಕಿ ಸೀಟು ಅಂತ ಜಗಳ ಇಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದು ಲೆಕ್ಕಕ್ಕಿಲ್ಲ. ಹತ್ತೋದೂ ಇಳಿಯೋದೂ ಸದಾ ನಡೀತಿರುತ್ತೆ. ಹತ್ತುವ ವೇಗ ಹೊರಗಿನ ಜನಸಂದಣಿ, ಅಂದರೆ ಒತ್ತಡ p, ಮತ್ತು ಖಾಲಿ ಸೀಟಿನ ಪಾಲು, ಅಂದರೆ 1 − θ, ಇವೆರಡರ ಮೇಲೆ ನಿಲ್ಲುತ್ತೆ. ಇಳಿಯುವ ವೇಗ ಕೂತವರ ಪಾಲು θ ಮೇಲೆ. ಎರಡೂ ಸಮ ಆದಾಗ,

```
ka·p·(1 − θ) = kd·θ
θ = Kp / (1 + Kp),   K = ka/kd
```

ಸೂತ್ರವನ್ನ ಉರು ಹೊಡೆಯಬೇಡ, ಅಂಕಿ ಹಾಕಿ ನೋಡು ಅಂದೆ. K ಬೆಲೆ 2 ಅಂತಿಟ್ಟುಕೊಂಡರೆ, ಒತ್ತಡ 0.5 ಇದ್ದಾಗ ಅರ್ಧ ಸೀಟು ತುಂಬುತ್ತೆ. ಒತ್ತಡ ಹತ್ತು ಪಟ್ಟಾಗಿ 5 ಆದರೆ ನೂರಕ್ಕೆ 91. ಇನ್ನೂ ಹತ್ತು ಪಟ್ಟಾಗಿ 50 ಆದರೆ 99. ಮೊದಲಲ್ಲಿ ಒತ್ತಡದ ಜೊತೆ ನೇರವಾಗಿ ಏರುತ್ತೆ, ಆಮೇಲೆ ಸೀಟೇ ಇಲ್ಲದೆ ಚಪ್ಪಟೆ ಆಗುತ್ತೆ. ಗ್ರಾಫಿನ ಆ ಬಾಗು ಎಲ್ಲಿಂದ ಬಂತು ಅಂತ ಅವಳಿಗೆ ಆಗ ಗೊತ್ತಾಯ್ತು. ಫ್ರಾಯಿಂಡ್ಲಿಷ್ ಸೂತ್ರ ಇದೆಯಲ್ಲ, x/m = k·p^(1/n), ಅದರಲ್ಲಿ ಈ ಚಪ್ಪಟೆ ಭಾಗ ಬರೋದೇ ಇಲ್ಲ; ಅದು ಪ್ರಯೋಗದ ಅಂಕಿಗಳಿಗೆ ಹೊಂದಿಸಿದ ಸೂತ್ರ, ಒತ್ತಡ ಜಾಸ್ತಿಯಾದಾಗ ಕೈಕೊಡುತ್ತೆ. ಅಷ್ಟು ಬರೆದರೆ ಸಾಕು.

ಐಸೊಥರ್ಮ್ ಅನ್ನೋ ಹೆಸರಲ್ಲೇ ಒಂದು ಮಾತಿದೆ: ಉಷ್ಣತೆ ಬದಲಾಗಬಾರದು. ಅಣು ಕೂರುವಾಗ ಶಾಖ ಹೊರಗೆ ಬರುತ್ತೆ, ಹಾಗಾಗಿ ಬಿಸಿ ಮಾಡಿದರೆ K ಇಳಿಯುತ್ತೆ, ಅದೇ ಒತ್ತಡದಲ್ಲೂ ಸೀಟುಗಳು ಖಾಲಿಯಾಗ್ತವೆ. ಇದನ್ನ ಪುಸ್ತಕದ ಮೂಲೆಯಲ್ಲಿ ಬರ್ಕೋ, ಆಮೇಲೆ ಬೇಕಾಗುತ್ತೆ ಅಂದೆ.

ಇನ್ನು ಆ ಐದು ಹಂತಗಳು. ಕ್ರಿಯೆಗೆ ಬೇಕಾದ ಅನಿಲಗಳು ಮೇಲ್ಮೈವರೆಗೆ ಹರಿದು ಬರೋದು, ಅಲ್ಲಿ ಕೂರೋದು, ಕೂತಲ್ಲೇ ಕ್ರಿಯೆ ನಡೆಯೋದು, ಆದ ಪದಾರ್ಥ ಸೀಟು ಬಿಟ್ಟು ಏಳೋದು, ಎದ್ದದ್ದು ದೂರ ಹೋಗೋದು. ಇಷ್ಟನ್ನ ಅವಳು ಸರಿಯಾಗಿಯೇ ಬರೆದಿದ್ದಳು. ಆದರೆ ಕೆಳಗೆ, ಅಡ್ಸಾರ್ಪ್ಷನ್ ಜಾಸ್ತಿಯಾದಷ್ಟೂ ಕ್ರಿಯೆಯ ವೇಗ ಜಾಸ್ತಿ ಅಂತ ಸೇರಿಸಿದ್ದಳು. ಗೈಡುಗಳಲ್ಲಿ ಹಾಗೇ ಇರುತ್ತೆ. ಆರು ಮಾರ್ಕು ಹೋಗಿದ್ದು ಬಹುಶಃ ಅಲ್ಲೇ.

ಕಾರಿನ ಸೈಲೆನ್ಸರ್ ಕಡೆ ಹೋಗುವ ಪೈಪಿನಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುತ್ತೆ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ ಮೇಲೆ ವಿಷದ ಕಾರ್ಬನ್ ಮೊನಾಕ್ಸೈಡು ಆಕ್ಸಿಜನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಇದರ ಐದು ಹಂತ ಬರೆಯೋಕೆ ಹೋದರೆ ಎರಡನೇ ಹಂತದಲ್ಲೇ ಕಥೆ ಇದೆ. ಮೊನಾಕ್ಸೈಡಿಗೆ ಒಂದು ಸೀಟು ಸಾಕು, ಮತ್ತೆ ಅದು ಪ್ಲಾಟಿನಂ ಅನ್ನ ಬಲವಾಗಿ ಹಿಡ್ಕೊಳ್ಳುತ್ತೆ. ಆಕ್ಸಿಜನ್ ಅಣುವಿನಲ್ಲಿ ಎರಡು ಪರಮಾಣು. ಅದು ಒಡೆದು ಕೂರಬೇಕು, ಹಾಗಾಗಿ ಅಕ್ಕಪಕ್ಕ ಎರಡು ಖಾಲಿ ಸೀಟು ಬೇಕು. ಒಡೆಯೋದು ಮುಖ್ಯ. ಗಾಳಿಯಲ್ಲಿ ಆ ಬಂಧ ಮುರಿಯೋಕೆ ಒಂದು ಮೋಲಿಗೆ 498 ಕಿಲೋಜೂಲ್ ಬೇಕು, ಪ್ಲಾಟಿನಂ ಮೇಲೆ ಎರಡೂ ಪರಮಾಣು ಲೋಹವನ್ನ ಹಿಡಿದುಕೊಂಡು ಆ ನಷ್ಟ ತುಂಬಿಕೊಳ್ತವೆ. ಕೆಟಲಿಸ್ಟು ಮಾಡೋ ನಿಜವಾದ ಉಪಕಾರ ಇದು.

ಈಗ ಬೆಳಗಿನ ಬಸ್ಸಿಗೆ ಮೊದಲೇ ಓಡಿ ಬಂದವರು ಕಿಟಕಿಯಿಂದ ಎಲ್ಲಾ ಸೀಟಿಗೂ ಟವೆಲ್ ಹಾಕಿಬಿಟ್ಟರೆ? ಜೋಡಿ ಸೀಟು ಹುಡುಕೋ ಗಂಡ ಹೆಂಡತಿ ಹತ್ತೋದೇ ಇಲ್ಲ. ಮೊನಾಕ್ಸೈಡು ಮಾಡೋದು ಇದನ್ನೇ. ಮೇಲ್ಮೈ ತುಂಬಿದೆ, ಅಡ್ಸಾರ್ಪ್ಷನ್ ಭರ್ತಿಯಾಗಿದೆ, ಆದರೆ ಕ್ರಿಯೆ ನಿಂತಿದೆ. (ಆಫೀಸಿನಲ್ಲಿ ಒಂದು ಸರ್ವಿಸ್ಸು ಡೇಟಾಬೇಸಿನ ಎಲ್ಲಾ ಕನೆಕ್ಷನ್ ಹಿಡಿದು ಕೂತಾಗ ಉಳಿದವೆಲ್ಲ ಸಾಯ್ತವಲ್ಲ, ಅದನ್ನ ನೋಡಿದವರಿಗೆ ಇದು ಹೊಸದಲ್ಲ.) ಲ್ಯಾಂಗ್‌ಮ್ಯೂರ್ 1922ರಲ್ಲೇ ಪ್ಲಾಟಿನಂ ಮೇಲೆ ಇದನ್ನ ಅಳೆದಿದ್ದರು. ಉಷ್ಣತೆ ಕಡಿಮೆ ಇದ್ದಾಗ ಮೊನಾಕ್ಸೈಡಿನ ಒತ್ತಡ ಏರಿಸಿದರೆ ವೇಗ ಇಳಿಯುತ್ತೆ.

ಸೂತ್ರ ಇದನ್ನ ತಾನಾಗೇ ಹೇಳುತ್ತೆ. ಪುಸ್ತಕದ ಸರಳ ರೂಪದಲ್ಲಿ A ಮತ್ತು B ಒಂದೇ ಥರದ ಸೀಟಿಗೆ ಪೈಪೋಟಿ ಮಾಡ್ತವೆ, ವೇಗ ಅನ್ನೋದು ಇಬ್ಬರ ಪಾಲುಗಳ ಗುಣಲಬ್ಧ. B ಬಹಳ ದುರ್ಬಲವಾಗಿ ಕೂರುತ್ತೆ ಅಂತಾದರೆ, A ಬದಲಾದಂತೆ ವೇಗ x/(1+x)² ಹಾಗೆ ಬದಲಾಗುತ್ತೆ, ಇಲ್ಲಿ x ಅಂದರೆ A ಅನಿಲದ Kp. ಆಕ್ಸಿಜನ್ ಒಡೆದು ಎರಡು ಸೀಟು ಹಿಡಿಯೋದರಿಂದ ಅದರ ಸೂತ್ರ ಸ್ವಲ್ಪ ಬೇರೆ, ಆದರೆ ದಿಕ್ಕು ಇದೇ. ಎರಡು ಸಾಲು ಬರೆದು ಅವಳಿಗೆ ಕಳಿಸಿದೆ:

```python
for x in (0.1, 1, 10, 20):
    print(x, round(x/(1+x)**2, 3))
```

ಬಂದ ಉತ್ತರ 0.083, 0.25, 0.083, 0.045. "ಮಾಮ, ಮೊದಲ್ನೇದೂ ಮೂರ್ನೇದೂ ಒಂದೇ ಬಂದಿದೆ, ತಪ್ಪಾಗಿದ್ಯಾ?" ಅಂತ ಕೇಳಿದಳು. ತಪ್ಪಿಲ್ಲ. ಬಸ್ಸು ಹೆಚ್ಚುಕಮ್ಮಿ ಖಾಲಿ ಇದ್ದಾಗಲೂ, ಟವೆಲ್ಲುಗಳಿಂದ ಹೆಚ್ಚುಕಮ್ಮಿ ತುಂಬಿದಾಗಲೂ ವೇಗ ಅಷ್ಟೇ. ಒಂದು ಕಡೆ A ಸಾಲದು, ಇನ್ನೊಂದು ಕಡೆ B ಕೂರೋಕೆ ಜಾಗ ಸಾಲದು. ಅರ್ಧ ಸೀಟು ತುಂಬಿದಾಗ ವೇಗ ಗರಿಷ್ಠ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ಸಾಲು ಹೊಡ್ದಾಕ್ಬೇಕು" ಅಂದಳು.

ಅದರ ಜಾಗಕ್ಕೆ ಏನು ಬರೆಯೋದು? ಮೂಲೆಯಲ್ಲಿ ಬರೆದಿಟ್ಟ ಮಾತು ಇಲ್ಲಿ ಕೆಲಸಕ್ಕೆ ಬಂತು. ಬೆಳಿಗ್ಗೆ ತಣ್ಣಗಿರೋ ಕಾರು ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲೇ ಹೊಗೆ ಹೆಚ್ಚು ಕೆಟ್ಟದಾಗಿರುತ್ತೆ. ಕನ್ವರ್ಟರ್ ತಣ್ಣಗಿದೆ, ಮೊನಾಕ್ಸೈಡಿನ K ದೊಡ್ಡದು, ಟವೆಲ್ಲು ಏಳ್ತಿಲ್ಲ. ಇನ್ನೂರು ಮುನ್ನೂರು ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಅದು ಬಿಡೋಕೆ ಶುರುಮಾಡುತ್ತೆ, ಜಾಗ ಸಿಕ್ಕ ಕಡೆ ಆಕ್ಸಿಜನ್ ಕೂರುತ್ತೆ, ಕ್ರಿಯೆಯಿಂದ ಶಾಖ ಬರುತ್ತೆ, ಆ ಶಾಖಕ್ಕೆ ಇನ್ನಷ್ಟು ಸೀಟು ಖಾಲಿಯಾಗುತ್ತೆ. ಹಾಗಾಗಿ ಕನ್ವರ್ಟರ್ ನಿಧಾನವಾಗಿ ಅಲ್ಲ, ಹೊತ್ತಿಕೊಂಡ ಹಾಗೆ ಒಮ್ಮೆಲೇ ಕೆಲಸಕ್ಕೆ ಇಳಿಯುತ್ತೆ. ಹುಟ್ಟಿದ ಕಾರ್ಬನ್ ಡೈಆಕ್ಸೈಡು ಪ್ಲಾಟಿನಂ ಅನ್ನ ಹಿಡಿಯೋದೇ ಕಷ್ಟ, ತಕ್ಷಣ ಎದ್ದು ಹೋಗುತ್ತೆ. ನಾಲ್ಕನೇ ಹಂತ ಇಲ್ಲಿ ತಲೆನೋವಲ್ಲ. ಪೂರ್ತಿ ಬಿಸಿಯಾದ ಮೇಲೆ ಮೇಲ್ಮೈ ಎಷ್ಟು ಚುರುಕಾಗುತ್ತೆ ಅಂದರೆ, ಅನಿಲ ಬಂದು ಮುಟ್ಟೋದೇ ತಡ ಆಗುತ್ತೆ, ಅಂದರೆ ಮೊದಲ ಹಂತವೇ ಅಡ್ಡಿ. ಯಾವ ಹಂತ ಅಡ್ಡಿ ಅಂತ ಪತ್ತೆ ಮಾಡೋಕೆ, ಅನಿಲದ ಪ್ರಮಾಣಕ್ಕೆ ಕೆಟಲಿಸ್ಟಿನ ಪ್ರಮಾಣ ಹೊಂದಿಸಿಕೊಂಡು ಹರಿವನ್ನ ಮಾತ್ರ ಜೋರು ಮಾಡಿ ನೋಡ್ತಾರೆ: ಪರಿವರ್ತನೆ ಏರಿದರೆ ಹರಿದು ಬರೋದೇ ನಿಧಾನ, ಏರದಿದ್ದರೆ ಹೊರಗಿನ ಹರಿವು ಅಡ್ಡಿಯಲ್ಲ, ಮೇಲ್ಮೈ ಕಡೆ ಹುಡುಕಬೇಕು.

ಐದು ಹಂತಗಳ ಕೆಳಗೆ ಅವಳು ಇದನ್ನ ತನ್ನದೇ ಇಂಗ್ಲಿಷಿನಲ್ಲಿ ಆರು ಸಾಲು ಬರೆದು ಕಳಿಸಿದಳು. ವ್ಯಾಕರಣ ಅಲ್ಲಲ್ಲಿ ಎಡವಿತ್ತು, ಕೆಮಿಸ್ಟ್ರಿ ಎಲ್ಲೂ ಎಡವಿರಲಿಲ್ಲ. ನಾನು ವ್ಯಾಕರಣ ಮುಟ್ಟಲಿಲ್ಲ.

ಮಲಗೋ ಹೊತ್ತಿಗೆ ಇನ್ನೊಂದು ಮೆಸೇಜು ಬಂತು. "ಮಾಮ, ಆಕ್ಸಿಜನ್ನೇ ಮೊದ್ಲು ಬಂದು ಎಲ್ಲಾ ಸೀಟು ಹಿಡ್ಕೊಂಡ್ರೆ? ಆಗ್ಲೂ ನಿಲ್ಲುತ್ತಾ?" ನೋಟ್ಸಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ಹುಡುಕಿ ಓದಬೇಕಾಯ್ತು. ನಿಲ್ಲೋದಿಲ್ಲ. ಪ್ಲಾಟಿನಂನ ನುಣುಪಾದ ಮುಖದ ಮೇಲೆ ಆಕ್ಸಿಜನ್ ಪರಮಾಣುಗಳು ಒತ್ತೊತ್ತಾಗಿ ಕೂರಲ್ಲ. ಸಾಮಾನ್ಯವಾಗಿ ನಾಲ್ಕು ಪ್ಲಾಟಿನಂಗೆ ಒಂದರಂತೆ ಅಂತರ ಬಿಟ್ಟು ಸಾಲಾಗಿ ಕೂರ್ತವೆ, ನಡುವಿನ ಸಂದಿಯಲ್ಲಿ ಮೊನಾಕ್ಸೈಡು ನುಸುಳಿ ಕೂತು, ಪಕ್ಕದವನನ್ನ ಕರ್ಕೊಂಡು ಎದ್ದು ಹೋಗುತ್ತೆ. ಇಂಥ ಸೂಕ್ಷ್ಮಗಳನ್ನ ಸ್ವಚ್ಛವಾದ ಲೋಹದ ಮುಖಗಳ ಮೇಲೆ ಒಂದೊಂದಾಗಿ ಬಿಡಿಸಿ ತೋರಿಸಿದವರಲ್ಲಿ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಮುಖ್ಯರು, 2007ರ ನೊಬೆಲ್ ಅವರಿಗೆ. ಅಂದರೆ ಪಕ್ಕದವರು ಲೆಕ್ಕಕ್ಕಿಲ್ಲ ಅಂತ ಲ್ಯಾಂಗ್‌ಮ್ಯೂರ್ ಹಾಕಿದ ಷರತ್ತು ಇಲ್ಲಿ ಮುರಿಯುತ್ತೆ. ಯಾರು ಮೊದಲು ಕೂತರು, ಹೇಗೆ ಕೂತರು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇಷ್ಟನ್ನೂ ಟೈಪ್ ಮಾಡಿ ಕಳಿಸಿದೆ.

"ಇದನ್ನೂ ಬರೀಲಾ?" ಅಂತ ಕೇಳಿದಳು.

"ಜಾಗ ಉಳಿದ್ರೆ ಬರಿ" ಅಂದೆ.